ಇಪ್ಪತ್ತೆರಡು ಪುಟದ ಪಾಲುದಾರಿಕೆ ಪತ್ರವನ್ನು ಒಂದು ಪುಟಕ್ಕೆ ಇಳಿಸುವುದು ಹೇಗೆ?

ಪ್ರಶ್ನೆ: ಸಾರ್, ನಮ್ಮದು ತಿಪಟೂರು. ಅಪ್ಪ ಇನ್ನಿಬ್ಬರ ಜೊತೆ ಸೇರಿ 2016ರಿಂದ ಕೊಬ್ಬರಿ ವ್ಯಾಪಾರ ಮತ್ತು ಎಣ್ಣೆ ಮಿಲ್ ನಡೆಸುತ್ತಿದ್ದಾರೆ. ಈಗ ವಯಸ್ಸಾಯಿತು, ಬಿಟ್ಟು ಬರುತ್ತೇನೆ ಅಂತಿದ್ದಾರೆ. ಅವರ ಜಾಗಕ್ಕೆ ನಾನು ಹೋಗೋಣ ಅಂತ. ಡೀಡ್ ಇಂಗ್ಲಿಷ್‌ನಲ್ಲಿ 22 ಪುಟ ಇದೆ, 2021ರದ್ದು ಇನ್ನೊಂದು 3 ಪುಟ. ಯಾರ ಬಂಡವಾಳ ಎಷ್ಟು, ಲಾಭ ಹೇಗೆ, ಯಾರಿಗೆ ಏನು ಅಧಿಕಾರ, ಬಿಡುವುದು ಹೇಗೆ ಅಂತ ಮನೆಯವರಿಗೆ ಅರ್ಥ ಆಗುವ ಹಾಗೆ ಒಂದು ಪುಟದಲ್ಲಿ ಬರೆಯಬೇಕು. ಅಪ್ಪ 35 ಲಕ್ಷ ಹಾಕಿದ್ದಾರೆ, ಮಿಕ್ಕಿಬ್ಬರು ತಲಾ 10 ಲಕ್ಷ. ಆದರೂ ಅಪ್ಪನಿಗೆ ಲಾಭದಲ್ಲಿ 35% ಅಷ್ಟೇ. ಇದು ಸರಿಯಾ?

ಉತ್ತರ: ನೀವು ಕಳಿಸಿದ ಎರಡೂ ಪತ್ರಗಳನ್ನು ಪೂರ್ತಿ ಓದಿದೆ. ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಿಮ್ಮ ತಂದೆಯ ಬಂಡವಾಳ 35 ಲಕ್ಷ ಅಲ್ಲ, 20 ಲಕ್ಷ. ಮಿಕ್ಕ 15 ಲಕ್ಷ ಅವರು ಫರ್ಮಿಗೆ ಕೊಟ್ಟಿರುವ ಸಾಲ. 2021ರ ಪತ್ರದ ಎರಡನೇ ಪ್ಯಾರಾದಲ್ಲಿ ಇದು ಸ್ಪಷ್ಟವಾಗಿದೆ. ಮನೆಯಲ್ಲಿ ಎಲ್ಲರೂ "ಅಪ್ಪ 35 ಹಾಕಿದ್ದಾರೆ" ಅಂತ ಮಾತಾಡಿಕೊಂಡು ಬಂದಿದ್ದೀರಿ. ಹಣ ಒಂದೇ ಜೇಬಿನಿಂದ ಹೋಗಿದೆ, ಹಾಗಾಗಿ ಒಂದೇ ಲೆಕ್ಕ ಅನಿಸುವುದು ಸಹಜ. ಆದರೆ ಆ 15 ಲಕ್ಷ ಸಾಲವೋ ಬಂಡವಾಳವೋ ಅನ್ನುವ ಒಂದು ವಿಷಯ ನೀವು ಬರೆಯಬೇಕಾದ ಪುಟದ ಮೂರು ಭಾಗಗಳನ್ನು ಬದಲಾಯಿಸುತ್ತದೆ. ಅದರಲ್ಲೂ ಬಿಡುವ ಹೊತ್ತಿನಲ್ಲಿ ಇದು ನಿಮ್ಮ ತಂದೆಯ ಪರವಾಗಿಯೇ ಕೆಲಸ ಮಾಡುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಸಾರಾಂಶ ಬರೆಯಲು ಕೂತವರು ಸಾಮಾನ್ಯವಾಗಿ ಒಂದನೇ ಕಲಮಿನಿಂದ ಶುರು ಮಾಡಿ ಒಂದೊಂದನ್ನೇ ಚಿಕ್ಕದು ಮಾಡುತ್ತಾ ಹೋಗುತ್ತಾರೆ. ಡೀಡಿನ ವಿಷಯದಲ್ಲಿ ಇದು ನಡೆಯುವುದಿಲ್ಲ. ಒಂದು ಪ್ರಶ್ನೆಗೆ ಉತ್ತರ ಒಂದೇ ಕಡೆ ಇರುವುದಿಲ್ಲ. ನಿಮ್ಮ ಡೀಡನ್ನೇ ನೋಡಿ. ಬಂಡವಾಳ 6ನೇ ಕಲಮಿನಲ್ಲಿದೆ, ಅದರ ಬಡ್ಡಿ 7ರಲ್ಲಿ, ಬಿಟ್ಟಾಗ ಅದು ವಾಪಸ್ ಬರುವ ರೀತಿ 21ರಲ್ಲಿ. ಅದಕ್ಕೇ ಉಲ್ಟಾ ಮಾಡಿ. ನಾಲ್ಕು ಹಾಳೆ ತೆಗೆದುಕೊಂಡು ಒಂದೊಂದರ ಮೇಲೆ ಒಂದೊಂದು ತಲೆಬರಹ ಬರೆಯಿರಿ. ಡೀಡಿನ ಜೆರಾಕ್ಸ್ ಪ್ರತಿಯಲ್ಲಿ ನಾಲ್ಕು ಬಣ್ಣದ ಪೆನ್ಸಿಲ್‌ನಿಂದ ಗುರುತು ಮಾಡಿ, ಸಂಬಂಧಪಟ್ಟ ಸಾಲನ್ನು ಆಯಾ ಹಾಳೆಗೆ ಇಳಿಸಿ. ಪ್ರತಿ ಸಾಲಿನ ಮುಂದೆ ಕಲಮಿನ ನಂಬರ್ ಹಾಕಿ. ನಂಬರ್ ಇಲ್ಲದ ಸಾರಾಂಶವನ್ನು ನಾಳೆ ಯಾರೂ ಪರೀಕ್ಷೆ ಮಾಡಲು ಆಗುವುದಿಲ್ಲ.

ಓದುವುದಕ್ಕೆ ಕೂತಾಗ ಕೊನೆಯ ಪತ್ರವನ್ನು ಮೊದಲು ಓದಿ. ಈ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಈ ಕೆಲಸಕ್ಕೆ ಬಂದ ಮೊದಲ ವರ್ಷಗಳಲ್ಲಿ ತುಮಕೂರಿನ ಒಂದು ಹುಣಸೆಹಣ್ಣಿನ ಫರ್ಮಿನ ಡೀಡನ್ನು ನಾನು ಸಾರಾಂಶ ಮಾಡಿಕೊಟ್ಟೆ. ಅದಕ್ಕೆ ನಂತರ ಒಂದು ತಿದ್ದುಪಡಿ ಪತ್ರ ಆಗಿತ್ತು, ಅದು ಬೇರೆ ಫೈಲಿನಲ್ಲಿತ್ತು. ನಾನು ಕೇಳಲಿಲ್ಲ, ಅವರೂ ಕೊಡಲಿಲ್ಲ. ಆ ವರ್ಷದ ಲಾಭವನ್ನು ಹಳೆಯ ಪ್ರಮಾಣದಲ್ಲಿ ಹಂಚಿಬಿಟ್ಟರು. ಇಬ್ಬರು ಅಣ್ಣತಮ್ಮಂದಿರ ಮಧ್ಯೆ ಅದನ್ನು ಸರಿ ಮಾಡಲು ಆರು ತಿಂಗಳು ಹಿಡಿಯಿತು. ಅವತ್ತಿನಿಂದ "ಇದಾದ ಮೇಲೆ ಇನ್ನೇನಾದರೂ ಬರೆದುಕೊಂಡಿದ್ದೀರಾ?" ಅಂತ ಕೇಳದೆ ನಾನು ಪೆನ್ನು ಹಿಡಿಯುವುದಿಲ್ಲ. ನೀವೂ ಮಿಕ್ಕಿಬ್ಬರು ಪಾಲುದಾರರನ್ನು ಮತ್ತು ಆಡಿಟರನ್ನು ಇದೇ ಪ್ರಶ್ನೆ ಕೇಳಿ.

ಇನ್ನು ನಿಮ್ಮ ಪತ್ರಕ್ಕೆ ಬರೋಣ. ಹೆಸರುಗಳ ಬದಲು ಹೀಗೆ ಕರೆಯುತ್ತೇನೆ. ದಿನದ ವ್ಯಾಪಾರ ನೋಡಿಕೊಳ್ಳುವವರು ಒಂದನೆಯವರು, ನಿಮ್ಮ ತಂದೆ ಎರಡನೆಯವರು, ಮಿಲ್ ಮತ್ತು ಲಾರಿ ನೋಡಿಕೊಳ್ಳುವವರು ಮೂರನೆಯವರು.

ಬಂಡವಾಳದ ಹಾಳೆಯಲ್ಲಿ ಬರುವುದು ಇಷ್ಟೇ: ಒಂದನೆಯವರದು 10 ಲಕ್ಷ, ತಂದೆಯದು 20 ಲಕ್ಷ, ಮೂರನೆಯವರದು 10 ಲಕ್ಷ. ವರ್ಷಕ್ಕೆ 12% ಸರಳ ಬಡ್ಡಿ. ಅದರ ಕೆಳಗೆ ಬೇರೆ ಗೆರೆ ಎಳೆದು "ಸಾಲ" ಅಂತ ಬರೆದು ತಂದೆಯ 15 ಲಕ್ಷ, 9% ಬಡ್ಡಿ, ಕೇಳಿದ 60 ದಿನದಲ್ಲಿ ವಾಪಸ್ ಅಂತ ಬರೆಯಿರಿ. ಎರಡನ್ನೂ ಕೂಡಿಸಬೇಡಿ. ಒಂದು ಎಚ್ಚರಿಕೆ ಇದೆ. ಡೀಡಿನಲ್ಲಿರುವುದು ಶುರುವಿನಲ್ಲಿ ಹಾಕಿದ ಹಣ. ಇವತ್ತಿನ ದಿನ ಬಂಡವಾಳ ಖಾತೆಯಲ್ಲಿ ಎಷ್ಟಿದೆ ಅನ್ನುವುದು ಕಳೆದ ಮಾರ್ಚ್ 31ರ ಬ್ಯಾಲೆನ್ಸ್ ಶೀಟಿನಲ್ಲಿ ಇರುತ್ತದೆ. ತೆಗೆಯದೆ ಬಿಟ್ಟ ಲಾಭ ಸೇರಿರುತ್ತದೆ, ಮನೆ ಖರ್ಚಿಗೆ ತೆಗೆದದ್ದು ಕಳೆದಿರುತ್ತದೆ. ಸಾರಾಂಶದಲ್ಲಿ ಎರಡೂ ಅಂಕಿ ಇರಲಿ, ಯಾವುದು ಎಲ್ಲಿಂದ ಬಂತು ಅಂತಲೂ ಬರೆದಿರಲಿ. ಆ 15 ಲಕ್ಷ ಬ್ಯಾಲೆನ್ಸ್ ಶೀಟಿನಲ್ಲೂ ಸಾಲ ಅಂತಲೇ ಇದೆಯಾ ನೋಡಿ. ಪತ್ರದಲ್ಲಿ ಸಾಲ, ಲೆಕ್ಕದ ಪುಸ್ತಕದಲ್ಲಿ ಬಂಡವಾಳ ಅಂತ ಸೇರಿಸಿಬಿಟ್ಟಿರುವ ಫರ್ಮ್‌ಗಳನ್ನು ನಾನು ನೋಡಿದ್ದೇನೆ. ಹಾಗಿದ್ದರೆ ಬಿಡುವ ಮೊದಲೇ ಸರಿ ಮಾಡಿಸಿಕೊಳ್ಳಬೇಕು.

ಲಾಭಕ್ಕೆ ಬರೋಣ. ಲಾಭದ ಪಾಲು ಬಂಡವಾಳದ ಪಾಲಿನ ಹಾಗೇ ಇರಬೇಕು ಅಂತ ಕಾನೂನು ಎಲ್ಲೂ ಹೇಳುವುದಿಲ್ಲ. ಪತ್ರದಲ್ಲಿ ಏನೂ ಬರೆದಿಲ್ಲ ಅಂದರೆ 1932ರ ಪಾಲುದಾರಿಕೆ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಎಲ್ಲರಿಗೂ ಸಮ. ಯಾರು ಎಷ್ಟು ಹಾಕಿದರು ಅಂತ ನೋಡುವುದಿಲ್ಲ. ನಿಮ್ಮಲ್ಲಿ ಬರೆದಿದೆ. 2016ರಲ್ಲಿ 40:30:30 ಇತ್ತು, 2021ರ ಏಪ್ರಿಲ್ 1ರಿಂದ 40:35:25 ಆಯಿತು. ಆದರೆ ಈ ಪ್ರಮಾಣ ಯಾವುದರ ಮೇಲೆ? 9ನೇ ಕಲಮು ಹೇಳುವುದು ಬಡ್ಡಿ ಮತ್ತು ಸಂಬಳ ಕಳೆದ ಮೇಲೆ ಉಳಿದದ್ದರ ಮೇಲೆ. ಹಾಗಾಗಿ "35%" ಅಂತಷ್ಟೇ ಬರೆದರೆ ಸಾರಾಂಶ ಅರ್ಧ ಸುಳ್ಳು. ಒಂದು ಲೆಕ್ಕ ಮಾಡಿ ತೋರಿಸುತ್ತೇನೆ.

ಒಂದು ವರ್ಷ ಇದ್ಯಾವುದನ್ನೂ ಕಳೆಯುವ ಮೊದಲು ಫರ್ಮಿಗೆ 17,95,000 ರೂಪಾಯಿ ಉಳಿಯಿತು ಅಂದುಕೊಳ್ಳಿ. ಮೊದಲು ತಂದೆಯ ಸಾಲದ ಬಡ್ಡಿ 1,35,000 ಹೋಗುತ್ತದೆ. ಆಮೇಲೆ ಬಂಡವಾಳದ ಬಡ್ಡಿ. ತಂದೆಗೆ 2,40,000, ಮಿಕ್ಕಿಬ್ಬರಿಗೆ ತಲಾ 1,20,000. ಆಮೇಲೆ 10ನೇ ಕಲಮಿನ ಸಂಬಳ. ಒಂದನೆಯವರಿಗೆ ತಿಂಗಳಿಗೆ 25,000, ಮೂರನೆಯವರಿಗೆ 15,000. ಅಂದರೆ ವರ್ಷಕ್ಕೆ 3,00,000 ಮತ್ತು 1,80,000. ತಂದೆ ಕೆಲಸ ಮಾಡುವ ಪಾಲುದಾರರಲ್ಲ, ಅವರಿಗೆ ಸಂಬಳ ಇಲ್ಲ. ಇಷ್ಟೆಲ್ಲಾ ಹೋದ ಮೇಲೆ ಉಳಿಯುವುದು 7,00,000. ಇದನ್ನು 40:35:25ರಲ್ಲಿ ಹಂಚಿದರೆ 2,80,000, 2,45,000, 1,75,000.

ಈಗ ಒಟ್ಟು ಕೂಡಿಸಿ. ಒಂದನೆಯವರಿಗೆ 7,00,000. ನಿಮ್ಮ ತಂದೆಗೆ 6,20,000. ಮೂರನೆಯವರಿಗೆ 4,75,000. ತಂದೆಯ 35% ಪಾಲಿನ ಹಿಂದೆ ಬಡ್ಡಿಯಾಗಿಯೇ 3,75,000 ಬರುತ್ತಿದೆ. ಜಾಸ್ತಿ ಹಣ ಹಾಕಿದವರಿಗೆ ಬಡ್ಡಿಯಲ್ಲಿ, ಜಾಸ್ತಿ ದುಡಿದವರಿಗೆ ಸಂಬಳದಲ್ಲಿ ಕೊಟ್ಟು, ಮಿಕ್ಕಿದ್ದನ್ನು ಹಂಚಿಕೊಳ್ಳುವ ಏರ್ಪಾಡು ಇದು. ನನ್ನ ಕಣ್ಣಿಗೆ ಇದರಲ್ಲಿ ಮೋಸ ಕಾಣುವುದಿಲ್ಲ. ಪುಟದಲ್ಲಿ ಈ ಲೆಕ್ಕವನ್ನು ನಾಲ್ಕು ಸಾಲಿನಲ್ಲಿ ಹಾಕಿ. ಶೇಕಡಾ ನೋಡಿ ಜಗಳ ಆಡುವವರು ರೂಪಾಯಿ ನೋಡಿದರೆ ಸುಮ್ಮನಾಗುತ್ತಾರೆ. (ಬಡ್ಡಿ ಮತ್ತು ಸಂಬಳ ವರ್ಷಕ್ಕೆ 20,000 ದಾಟಿದರೆ 2025ರ ಏಪ್ರಿಲ್‌ನಿಂದ ಫರ್ಮ್ 10% ಟಿಡಿಎಸ್ ಹಿಡಿಯಬೇಕು. ಕೈಗೆ ಬಂದದ್ದು ಕಡಿಮೆ ಕಂಡರೆ ಅದಕ್ಕೆ ಇದೂ ಒಂದು ಕಾರಣ ಇರಬಹುದು.)

ನಷ್ಟ ಆದರೆ? ಇಲ್ಲಿ ನಿಮ್ಮ ಪತ್ರದಲ್ಲಿ ಒಂದು ಬಿರುಕು ಇದೆ. 2016ರ ಪತ್ರ "ಲಾಭ ಮತ್ತು ನಷ್ಟ" 40:30:30 ಅಂತ ಹೇಳುತ್ತದೆ. 2021ರ ಪತ್ರ "ಲಾಭ" 40:35:25 ಅಂತಷ್ಟೇ ಹೇಳಿ, ಮಿಕ್ಕ ಷರತ್ತು ಹಾಗೇ ಇರುತ್ತವೆ ಅನ್ನುತ್ತದೆ. ಅಕ್ಷರ ಹಿಡಿದು ಓದಿದರೆ ನಷ್ಟ ಈಗಲೂ 40:30:30. ಲಾಭದ ಪ್ರಮಾಣದಲ್ಲೇ ನಷ್ಟ ಅನ್ನುವುದು ವಾಡಿಕೆ, ಇದನ್ನೂ ವಾದ ಮಾಡಬಹುದು. 3 ಲಕ್ಷ ನಷ್ಟ ಆದರೆ ತಂದೆಯ ಪಾಲು ಒಂದು ಓದಿನಲ್ಲಿ 90,000, ಇನ್ನೊಂದರಲ್ಲಿ 1,05,000. ಸಾರಾಂಶ ಬರೆಯುವವರು ಇಲ್ಲಿ ತೀರ್ಪು ಕೊಡಬಾರದು. "ಎರಡು ಅರ್ಥ ಬರುತ್ತದೆ, ಮೂವರೂ ಕೂತು ಬರೆದುಕೊಳ್ಳಬೇಕು" ಅಂತ ಬರೆಯಿರಿ. ನಷ್ಟದ ವರ್ಷದಲ್ಲಿ ಇನ್ನೊಂದು ವ್ಯತ್ಯಾಸ ಇದೆ. ಬಂಡವಾಳದ ಬಡ್ಡಿಯನ್ನು ಕಾಯ್ದೆ ಪ್ರಕಾರ ಲಾಭದಿಂದ ಮಾತ್ರ ಕೊಡಬೇಕು. ನಿಮ್ಮ ಡೀಡ್ ಬೇರೆ ಏನೂ ಹೇಳಿಲ್ಲ. ಹಾಗಾಗಿ ಲಾಭ ಇಲ್ಲದ ವರ್ಷ ಆ 2,40,000 ಇಲ್ಲ. ಆದರೆ ಸಾಲದ ಬಡ್ಡಿ 1,35,000 ಬರಲೇಬೇಕು.

ಮೂರನೇ ಹಾಳೆ ಅಧಿಕಾರದ್ದು. ಡೀಡ್ ಓದಿದರೆ ಇದು ಸುಲಭ ಅನಿಸುತ್ತದೆ. ಒಂದನೆಯವರು ಮ್ಯಾನೇಜಿಂಗ್ ಪಾರ್ಟ್ನರ್. ಹರಾಜಿನಲ್ಲಿ ದಿನಕ್ಕೆ 5 ಲಕ್ಷದವರೆಗೆ ಕೊಬ್ಬರಿಯನ್ನು ಅವರೊಬ್ಬರೇ ಕೊಳ್ಳಬಹುದು, ಅದಕ್ಕಿಂತ ಜಾಸ್ತಿ ಆದರೆ ಇನ್ನೊಬ್ಬರ ಒಪ್ಪಿಗೆ ಬೇಕು. ಚೆಕ್ಕಿಗೆ ಇಬ್ಬರ ಸಹಿ. ಸಾಲ ಎತ್ತುವುದಕ್ಕೆ, ಆಸ್ತಿ ಮಾರುವುದಕ್ಕೆ, ಹೊಸಬರನ್ನು ಸೇರಿಸುವುದಕ್ಕೆ ಮೂವರ ಸಹಿ. ಲೆಕ್ಕ ನೋಡುವ ಹಕ್ಕು ಎಲ್ಲರಿಗೂ. ಇಷ್ಟು ಬರೆದು ಮುಗಿಸಿದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ.

ಏಕೆಂದರೆ ಈ ಮಿತಿಗಳು ಪಾಲುದಾರರ ಒಳಗಿನ ಮಾತು. ಒಂದನೆಯವರು ಒಂದು ದಿನ ತಾವೊಬ್ಬರೇ 12 ಲಕ್ಷದ ಕೊಬ್ಬರಿಯನ್ನು ಉದ್ದರಿಯಲ್ಲಿ ಕೊಂಡರು ಅಂದುಕೊಳ್ಳಿ. ಮಾರಿದವರಿಗೆ 5 ಲಕ್ಷದ ಮಿತಿ ಗೊತ್ತಿಲ್ಲ. ಕೊಬ್ಬರಿ ಕೊಳ್ಳುವುದೇ ಆ ಫರ್ಮಿನ ದಿನನಿತ್ಯದ ವ್ಯಾಪಾರ. ಆಗ ಆ 12 ಲಕ್ಷವನ್ನು ಫರ್ಮ್ ಕೊಡಲೇಬೇಕು. ಕಾಯ್ದೆಯ 20ನೇ ಸೆಕ್ಷನ್ ಹೇಳುವುದು ಇದನ್ನೇ: ಮಿತಿ ಇದೆ ಅಂತ ತಿಳಿದಿದ್ದವರನ್ನು ಮಾತ್ರ ಆ ಮಿತಿ ಕಟ್ಟಿಹಾಕುತ್ತದೆ. ಫರ್ಮಿನಲ್ಲಿ ಹಣ ಇಲ್ಲದಿದ್ದರೆ 25ನೇ ಸೆಕ್ಷನ್ ಪ್ರಕಾರ ಯಾವ ಪಾಲುದಾರರ ಸ್ವಂತ ಆಸ್ತಿಯ ಮೇಲಾದರೂ ಪೂರ್ತಿ ಬಾಕಿಗೆ ಬರಬಹುದು. ನಿಮ್ಮ ತಂದೆ ಅಂಗಡಿಗೆ ಕಾಲಿಡದೆ ಇದ್ದರೂ ಅಷ್ಟೇ. ಸ್ಲೀಪಿಂಗ್ ಪಾರ್ಟ್ನರ್ ಅನ್ನುವ ಪದ ಇಲ್ಲಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. "ನನ್ನ ಪಾಲು 35% ತಾನೇ" ಅನ್ನುವ ಮಾತು ಹೊರಗಿನವರ ಮುಂದೆ ನಿಲ್ಲುವುದಿಲ್ಲ. ಪೂರ್ತಿ ಕೊಟ್ಟು, ಆಮೇಲೆ ಮಿಕ್ಕಿಬ್ಬರಿಂದ ವಸೂಲಿ ಮಾಡಿಕೊಳ್ಳಬೇಕು.

ಹಾಗಂತ ಎಲ್ಲವನ್ನೂ ಒಬ್ಬರೇ ಮಾಡಿಬಿಡಲು ಆಗುವುದಿಲ್ಲ. 19ನೇ ಸೆಕ್ಷನ್ನಿನಲ್ಲಿ ಒಂದು ಪಟ್ಟಿ ಇದೆ. ಫರ್ಮಿನ ಹೆಸರಿನಲ್ಲಿ ಜಾಗ ಕೊಳ್ಳುವುದು, ಫರ್ಮಿನ ಜಾಗ ಮಾರುವುದು, ಬರಬೇಕಾದ ಬಾಕಿಯನ್ನು ರಾಜಿಯಲ್ಲಿ ಬಿಟ್ಟುಕೊಡುವುದು, ಫರ್ಮಿನ ಖಾತೆಯನ್ನು ತನ್ನ ಸ್ವಂತ ಹೆಸರಿನಲ್ಲಿ ತೆರೆಯುವುದು, ಇಂಥವನ್ನು ಮಾಡುವ ಅಧಿಕಾರ ಪಾಲುದಾರ ಅನ್ನುವ ಒಂದೇ ಕಾರಣಕ್ಕೆ ಬರುವುದಿಲ್ಲ. ಬೇರೆ ಪದ್ಧತಿಯೋ ಒಪ್ಪಿಗೆಯೋ ಇರಬೇಕು. ಹಾಗಾಗಿ ಅಧಿಕಾರದ ಹಾಳೆಯಲ್ಲಿ ಎರಡು ಕಾಲಂ ಮಾಡಿ. ಎಡಕ್ಕೆ "ನಮ್ಮೊಳಗೆ", ಬಲಕ್ಕೆ "ಹೊರಗಿನವರ ಮುಂದೆ". 5 ಲಕ್ಷದ ಮಿತಿ ಎಡಕ್ಕೆ ಬರುತ್ತದೆ, ಬಲಕ್ಕೆ ಅದರ ಎದುರು "ತಿಳಿಸದಿದ್ದರೆ ನಡೆಯುವುದಿಲ್ಲ" ಅಂತ ಬರುತ್ತದೆ.

ಬ್ಯಾಂಕಿನ ವಿಷಯದಲ್ಲಿ ಡೀಡ್ ಒಂದನ್ನೇ ನಂಬಬೇಡಿ. ಖಾತೆ ತೆರೆದಾಗ ಮೂವರೂ ಸಹಿ ಮಾಡಿ ಬ್ಯಾಂಕಿಗೆ ಒಂದು ಪತ್ರ ಕೊಟ್ಟಿರುತ್ತಾರೆ, ಯಾರ ಸಹಿಗೆ ಚೆಕ್ ಪಾಸ್ ಮಾಡಬೇಕು ಅಂತ. ಬ್ಯಾಂಕ್ ಕೌಂಟರಿನಲ್ಲಿ ನಡೆಯುವುದು ಆ ಪತ್ರದ ಪ್ರಕಾರ. ಡೀಡಿನಲ್ಲಿ ಇಬ್ಬರ ಸಹಿ ಇದ್ದು, ಬ್ಯಾಂಕಿಗೆ ಕೊಟ್ಟ ಪತ್ರದಲ್ಲಿ "ಯಾರಾದರೂ ಒಬ್ಬರು" ಅಂತ ಇರುವುದು ಅಪರೂಪವೇನಲ್ಲ. ಇಂಟರ್ನೆಟ್ ಬ್ಯಾಂಕಿಂಗ್ ಬಂದ ಮೇಲಂತೂ ಪಾಸ್‌ವರ್ಡ್ ಯಾರ ಕೈಯಲ್ಲಿದೆಯೋ ಅವರೇ ಹಣ ಕಳಿಸುತ್ತಾರೆ. ಬ್ಯಾಂಕಿನಿಂದ ಆ ಪತ್ರದ ಪ್ರತಿ ತರಿಸಿ, ಡೀಡಿನ 13ನೇ ಕಲಮಿನ ಪಕ್ಕದಲ್ಲಿಟ್ಟು ನೋಡಿ.

ಈಗ ನಿಮಗೆ ಹೆಚ್ಚು ಬೇಕಾದ ಭಾಗ, ಬಿಟ್ಟು ಬರುವುದು. ಇಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಜನ ಒಂದೇ ಮಾತಿನಲ್ಲಿ "ಬಿಡುವುದು" ಅನ್ನುತ್ತಾರೆ. ಒಬ್ಬರು ಹೊರಗೆ ಬಂದು ಫರ್ಮ್ ಮುಂದುವರಿದರೆ ಅದು ನಿವೃತ್ತಿ. ಫರ್ಮನ್ನೇ ಮುಚ್ಚಿದರೆ ವಿಸರ್ಜನೆ. ಪಾಲುದಾರರು ತೀರಿಕೊಂಡರೆ ಅದರ ದಾರಿ ಬೇರೆ. ಮಗ ಬಂದು ಸೇರುವುದು ಹೊಸ ಪಾಲುದಾರರ ಸೇರ್ಪಡೆ. ಸಾರಾಂಶದಲ್ಲಿ ನಾಲ್ಕಕ್ಕೂ ಬೇರೆ ಬೇರೆ ಸಾಲು ಇರಲಿ.

ನಿವೃತ್ತಿಗೆ 20ನೇ ಕಲಮು ಮೂರು ತಿಂಗಳ ಲಿಖಿತ ನೋಟಿಸ್ ಕೇಳುತ್ತದೆ. ಆ ನೋಟಿಸ್ ಲೆಕ್ಕದ ವರ್ಷದ ಕೊನೆಗೆ, ಅಂದರೆ ಮಾರ್ಚ್ 31ಕ್ಕೆ ಮುಗಿಯಬೇಕು ಅಂತಲೂ ಇದೆ. ಈ ಎರಡನ್ನೂ ಜೋಡಿಸಿದರೆ ಒಂದು ತಾರೀಖು ಸಿಗುತ್ತದೆ. ಡಿಸೆಂಬರ್ 31ರ ಒಳಗೆ ಇಬ್ಬರಿಗೂ ನೋಟಿಸ್ ಮುಟ್ಟಬೇಕು. ಜನವರಿ 5ಕ್ಕೆ ಕೊಟ್ಟರೆ ಇನ್ನೊಂದು ವರ್ಷ ಕಾಯಬೇಕಾಗಬಹುದು. ಸಾರಾಂಶದಲ್ಲಿ "ಮೂರು ತಿಂಗಳ ನೋಟಿಸ್" ಅಂತ ಬರೆಯಬೇಡಿ, ತಾರೀಖನ್ನೇ ಬರೆಯಿರಿ.

ಹಣ ಹೇಗೆ ಬರುತ್ತದೆ? 21ನೇ ಕಲಮು ಪ್ರಕಾರ ಕೊನೆಯ ಆಡಿಟ್ ಆದ ಬ್ಯಾಲೆನ್ಸ್ ಶೀಟಿನಲ್ಲಿ ಬಂಡವಾಳ ಖಾತೆಯಲ್ಲಿ ಎಷ್ಟಿದೆಯೋ ಅಷ್ಟು, ಮೂರು ತಿಂಗಳಿಗೊಂದರಂತೆ ಎಂಟು ಕಂತು. ಗುಡ್‌ವಿಲ್, ಅಂದರೆ ಫರ್ಮಿನ ಹೆಸರಿಗಿರುವ ಬೆಲೆ, ಲೆಕ್ಕಕ್ಕೆ ಇಲ್ಲ. ಖಾತೆಯಲ್ಲಿ 20 ಲಕ್ಷವೇ ಇದ್ದರೆ ಕಂತಿಗೆ 2,50,000, ಎರಡು ವರ್ಷ. ಆದರೆ ಕಲಮಿನಲ್ಲಿ ಇರುವ ಮಾತು "ಬಂಡವಾಳ ಖಾತೆಯ ಮೊತ್ತ". ಸಾಲ ಅದರೊಳಗೆ ಬರುವುದಿಲ್ಲ. ಆ 15 ಲಕ್ಷಕ್ಕೆ 2021ರ ಪತ್ರದ ಷರತ್ತೇ ನಡೆಯುತ್ತದೆ, ಕೇಳಿದ 60 ದಿನದಲ್ಲಿ ವಾಪಸ್. ಅಂದರೆ 35 ಲಕ್ಷವೂ ಬಂಡವಾಳ ಆಗಿದ್ದರೆ ಎಲ್ಲದಕ್ಕೂ ಎರಡು ವರ್ಷ ಕಾಯಬೇಕಿತ್ತು. ಸಾಲ ಆಗಿರುವುದರಿಂದ 15 ಲಕ್ಷ ಎರಡು ತಿಂಗಳಲ್ಲಿ ಕೇಳಬಹುದು. ಮುಂದೊಂದು ದಿನ ಫರ್ಮೇ ಮುಚ್ಚಿದರೂ 48ನೇ ಸೆಕ್ಷನ್ ಪ್ರಕಾರ ಮೊದಲು ಹೊರಗಿನವರ ಸಾಲ, ಆಮೇಲೆ ಪಾಲುದಾರರು ಕೊಟ್ಟ ಸಾಲ, ಅದಾದ ಮೇಲೆ ಬಂಡವಾಳ. ಮೊದಲಿಗೆ ನಾನು ತಂದೆಯ ಪರವಾಗಿ ಕೆಲಸ ಮಾಡುತ್ತದೆ ಅಂದದ್ದು ಇದಕ್ಕೆ.

ತಂದೆಗೆ ನಷ್ಟ ಆಗುವ ಜಾಗವೂ ಇದೇ ಕಲಮಿನಲ್ಲಿದೆ. ಬ್ಯಾಲೆನ್ಸ್ ಶೀಟಿನ ಬೆಲೆ ಅಂದರೆ ಪುಸ್ತಕದ ಬೆಲೆ. ಸರಕನ್ನು ಕೊಂಡ ಬೆಲೆ, ಮಾರುಕಟ್ಟೆ ಬೆಲೆ ಎರಡರಲ್ಲಿ ಕಡಿಮೆ ಯಾವುದೋ ಅದಕ್ಕೆ ಬರೆಯುವುದು ಪದ್ಧತಿ. ಗೋದಾಮಿನಲ್ಲಿ 100 ಕ್ವಿಂಟಲ್ ಉಂಡೆ ಕೊಬ್ಬರಿ ಇದೆ, ಕ್ವಿಂಟಲ್‌ಗೆ 14,000ದ ಹಾಗೆ ಕೊಂಡದ್ದು, ಮಾರ್ಚ್ 31ಕ್ಕೆ ತಿಪಟೂರು ಮಾರುಕಟ್ಟೆಯಲ್ಲಿ 20,000 ನಡೆಯುತ್ತಿದೆ ಅಂದುಕೊಳ್ಳಿ. ಪುಸ್ತಕದಲ್ಲಿ 14 ಲಕ್ಷ, ನಿಜದಲ್ಲಿ 20 ಲಕ್ಷ. ಆ 6 ಲಕ್ಷದಲ್ಲಿ 35%, ಅಂದರೆ 2,10,000 ತಂದೆಯ ಕೈಗೆ ಬರುವುದಿಲ್ಲ. ಏಪ್ರಿಲ್‌ನಲ್ಲಿ ಮಾರಿದಾಗ ಉಳಿದಿಬ್ಬರಿಗೆ ಹೋಗುತ್ತದೆ. ಕೊಬ್ಬರಿ ಬೆಲೆ ಹೇಗೆ ಏರಿಳಿಯುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ ಅಲ್ವಾ? ಮಿಲ್ಲಿನ ಯಂತ್ರದ್ದೂ ಇದೇ ಕಥೆ. 12 ಲಕ್ಷದ ಯಂತ್ರಕ್ಕೆ ವರ್ಷಕ್ಕೆ 15% ಸವಕಳಿ ಕಳೆಯುತ್ತಾ ಬಂದರೆ ಒಂಬತ್ತು ವರ್ಷಕ್ಕೆ ಪುಸ್ತಕದಲ್ಲಿ ಉಳಿಯುವುದು ಸುಮಾರು 2.78 ಲಕ್ಷ, ಯಂತ್ರ ಚೆನ್ನಾಗಿ ಓಡುತ್ತಿದ್ದರೂ ಸಹ. ಮೂವರೂ ಸಹಿ ಹಾಕಿದ ಮಾತು ಇದು, ಒಬ್ಬರೇ ಬದಲಾಯಿಸಲು ಆಗುವುದಿಲ್ಲ. ಆದರೆ ನೋಟಿಸ್ ಕೊಡುವ ಮೊದಲು ಸ್ನೇಹದಲ್ಲಿ ಕೇಳಿ ನೋಡಬಹುದು. ಅದಕ್ಕಾದರೂ ಇದು ಸಾರಾಂಶದಲ್ಲಿ ಎದ್ದು ಕಾಣಬೇಕು.

ಕಂತಿನ ಮೇಲೆ ಬಡ್ಡಿ ಇದೆಯಾ? ಡೀಡ್ ಏನೂ ಹೇಳಿಲ್ಲ. ಬಿಟ್ಟವರ ಲೆಕ್ಕ ತೀರಿಸದೆ ಅವರ ಹಣದಲ್ಲೇ ವ್ಯಾಪಾರ ಮುಂದುವರಿಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಆ ಹಣಕ್ಕೆ ಸೇರಿದ ಲಾಭವನ್ನೋ ವರ್ಷಕ್ಕೆ 6% ಬಡ್ಡಿಯನ್ನೋ ಆರಿಸಿಕೊಳ್ಳಬಹುದು ಅಂತ 37ನೇ ಸೆಕ್ಷನ್ ಇದೆ. ಆದರೆ ಕಂತಿಗೆ ಮೊದಲೇ ಒಪ್ಪಿಕೊಂಡಿದ್ದೀರಿ ಅಂತ ಎದುರಿನವರು ವಾದ ಮಾಡಬಹುದು. ಹಾಗಾಗಿ ಇದನ್ನೂ "ಪತ್ರದಲ್ಲಿ ಇಲ್ಲ" ಅಂತ ಬರೆದು, ಕೂತು ಮಾತಾಡುವ ಪಟ್ಟಿಗೆ ಹಾಕಿ. ಪತ್ರದಲ್ಲಿ ಇರುವುದು, ಕಾಯ್ದೆಯಿಂದ ಬಂದದ್ದು, ಎರಡೂ ಬೇರೆ ಬೇರೆ ಕಾಣಬೇಕು. ನಾನು ಕಾಯ್ದೆಯ ಮಾತನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆಯುತ್ತೇನೆ.

ಬಿಟ್ಟ ಮೇಲೂ ಒಂದು ಬಾಲ ಉಳಿಯುತ್ತದೆ. ತಂದೆ ಹೊರಬಂದದ್ದು ಜಾಹೀರಾಗುವವರೆಗೆ, ಅವರು ಪಾಲುದಾರರು ಅಂತ ತಿಳಿದು ಫರ್ಮಿನ ಜೊತೆ ವ್ಯವಹಾರ ಮಾಡಿದವರಿಗೆ ಅವರೂ ಹೊಣೆ. ನೋಂದಣಿಯಾದ ಫರ್ಮ್ ಆದರೆ ಮೂರು ಕೆಲಸ ಆಗಬೇಕು. ರಿಜಿಸ್ಟ್ರಾರ್ ಆಫ್ ಫರ್ಮ್ಸ್‌ಗೆ ನೋಟಿಸ್, ರಾಜ್ಯಪತ್ರದಲ್ಲಿ ಪ್ರಕಟಣೆ, ಜಿಲ್ಲೆಯಲ್ಲಿ ಓಡಾಡುವ ಒಂದು ಕನ್ನಡ ಪತ್ರಿಕೆಯಲ್ಲಿ ಪ್ರಕಟಣೆ. ಪತ್ರಿಕೆಯಲ್ಲಿ ಮಾತ್ರ ಹಾಕಿ ಸುಮ್ನೆ ಆಗುವವರೇ ಜಾಸ್ತಿ. ಅದು ಸಾಲದು. ಹಳೆಯ ಸಾಲಗಳ ಹೊಣೆ ಇದರಿಂದಲೂ ಹೋಗುವುದಿಲ್ಲ, ಸಾಲ ಕೊಟ್ಟವರು ಒಪ್ಪಿ ಬಿಡಬೇಕು. ಬ್ಯಾಂಕ್ ಸಾಲಕ್ಕೆ ತಂದೆ ಬೇರೆಯಾಗಿ ಜಾಮೀನು ಸಹಿ ಹಾಕಿದ್ದರೆ, ಆ ಪತ್ರವನ್ನು ಬ್ಯಾಂಕಿನಿಂದಲೇ ಬಿಡಿಸಿಕೊಳ್ಳಬೇಕು.

ಫರ್ಮ್ ನೋಂದಣಿ ಆಗಿದೆಯಾ ಅನ್ನುವುದನ್ನು ನೀವು ಬರೆದಿಲ್ಲ. ಡೀಡನ್ನು ಸ್ಟಾಂಪ್ ಪೇಪರಿನ ಮೇಲೆ ಬರೆಸಿ ನೋಟರಿ ಮಾಡಿಸುವುದು ಬೇರೆ, ಫರ್ಮಿನ ನೋಂದಣಿ ಬೇರೆ. ನೋಂದಣಿ ಆಗಿಲ್ಲದಿದ್ದರೆ 69ನೇ ಸೆಕ್ಷನ್ ಪ್ರಕಾರ ಡೀಡಿನ ಹಕ್ಕಿಗಾಗಿ ಫರ್ಮಿನ ಮೇಲೆ ತಂದೆ ದಾವೆ ಹಾಕಲು ಆಗುವುದಿಲ್ಲ. ಫರ್ಮ್ ಮುಚ್ಚಿಸಲು, ಲೆಕ್ಕ ಕೇಳಲು ಮಾತ್ರ ದಾರಿ ಉಳಿಯುತ್ತದೆ. ನೋಟಿಸ್ ಕೊಡುವ ಮೊದಲೇ ಇದನ್ನು ನೋಡಿಕೊಳ್ಳಿ.

ಇನ್ನು ನಿಮ್ಮ ಸೇರ್ಪಡೆ. ಇಲ್ಲಿ ಒಂದು ಇಂಗ್ಲಿಷ್ ಪದದ ಮೇಲೆ ಎಲ್ಲವೂ ನಿಂತಿದೆ. 22ನೇ ಕಲಮು, ಪಾಲುದಾರರು ತೀರಿಕೊಂಡರೆ ವಾರಸುದಾರರನ್ನು "ಮೇ ಬಿ ಅಡ್ಮಿಟೆಡ್" ಅನ್ನುತ್ತದೆ. ಅಂದರೆ ಸೇರಿಸಿಕೊಳ್ಳಬಹುದು. "ಶಲ್" ಅಂತ ಇದ್ದಿದ್ದರೆ ಸೇರಿಸಿಕೊಳ್ಳಲೇಬೇಕು ಅಂತ ಆಗುತ್ತಿತ್ತು. ಕನ್ನಡದಲ್ಲಿ ಬರೆಯುವಾಗ "ವಾರಸುದಾರರು ಪಾಲುದಾರರಾಗುತ್ತಾರೆ" ಅಂತ ಬರೆದರೆ ಅರ್ಥವೇ ಕೆಟ್ಟಿತು. ಅದೂ ತೀರಿಕೊಂಡಾಗಿನ ಮಾತು. ತಂದೆ ಬದುಕಿರುವಾಗ ನಿವೃತ್ತಿಯಾಗಿ ಅವರ ಜಾಗಕ್ಕೆ ನೀವು ಬರುವುದಕ್ಕೆ ಡೀಡಿನಲ್ಲಿ ಏನೂ ಇಲ್ಲ. ಪಾಲುದಾರಿಕೆ ಜಮೀನಿನ ಹಾಗೆ ಮಗನಿಗೆ ಇಳಿದು ಬರುವುದಿಲ್ಲ. 31ನೇ ಸೆಕ್ಷನ್ ಪ್ರಕಾರವೂ, ನಿಮ್ಮ 15ನೇ ಕಲಮಿನ ಪ್ರಕಾರವೂ ಎಲ್ಲರ ಒಪ್ಪಿಗೆ ಬೇಕು. ಹಾಗಾಗಿ ತಂದೆಯ ನೋಟಿಸ್ ಮೊದಲು ಕೊಟ್ಟು, ಆಮೇಲೆ ನಿಮ್ಮ ಮಾತು ತೆಗೆಯಬೇಡಿ. ಎರಡನ್ನೂ ಒಂದೇ ಪತ್ರದಲ್ಲಿ, ಒಂದೇ ದಿನ ಮಾಡಿ. ಇಲ್ಲದಿದ್ದರೆ ತಂದೆ ಹೊರಗೆ, ನೀವೂ ಹೊರಗೆ. ಫರ್ಮ್ ಇಬ್ಬರದೇ ಆಗಿಬಿಡುತ್ತದೆ. ಇಬ್ಬರ ಫರ್ಮಿನಲ್ಲಿ ಒಬ್ಬರು ತೀರಿಕೊಂಡರೆ, ಫರ್ಮ್ ಮುಂದುವರಿಯುತ್ತದೆ ಅಂತ ಪತ್ರದಲ್ಲಿ ಬರೆದಿದ್ದರೂ ಅದು ನಿಲ್ಲುವುದಿಲ್ಲ, ಒಬ್ಬರೇ ಪಾಲುದಾರಿಕೆ ಮಾಡಲು ಆಗುವುದಿಲ್ಲವಲ್ಲ. ಸುಪ್ರೀಂ ಕೋರ್ಟ್ 1965ರಲ್ಲೇ ಇದನ್ನು ಹೇಳಿದೆ. ಮೂವರು ಇರುವುದು ಮಿಕ್ಕಿಬ್ಬರಿಗೂ ಒಳ್ಳೆಯದು. ಮಾತಾಡುವಾಗ ಇದನ್ನು ಹೇಳಿ.

ನಾಲ್ಕು ಹಾಳೆ ತುಂಬಿದ ಮೇಲೆ ಒಂದು ಪುಟಕ್ಕೆ ಇಳಿಸುವುದು ಕಷ್ಟ ಅಲ್ಲ. ನಿಮ್ಮದನ್ನು ನಾನು ಬರೆದರೆ ಹೀಗಿರುತ್ತದೆ:

ಬಂಡವಾಳ: 10, 20, 10 ಲಕ್ಷ, 12% ಬಡ್ಡಿ, ಲಾಭ ಇದ್ದರೆ ಮಾತ್ರ (ಕಲಮು 6, 7, ಸೆಕ್ಷನ್ 13). ಇದಲ್ಲದೆ ಎರಡನೆಯವರ ಸಾಲ 15 ಲಕ್ಷ, 9%, ಕೇಳಿದ 60 ದಿನಕ್ಕೆ ವಾಪಸ್ (2021, ಪ್ಯಾರಾ 2).

ಲಾಭ: ಬಡ್ಡಿ, ಸಂಬಳ ಕಳೆದು ಉಳಿದದ್ದು 40:35:25 (ಕಲಮು 9, 10; 2021, ಪ್ಯಾರಾ 3). ನಷ್ಟ: ಎರಡು ಅರ್ಥ ಬರುತ್ತದೆ, ತೀರ್ಮಾನ ಆಗಬೇಕು.

ಅಧಿಕಾರ: ದಿನಕ್ಕೆ 5 ಲಕ್ಷದವರೆಗೆ ಖರೀದಿ ಒಂದನೆಯವರೊಬ್ಬರೇ. ಚೆಕ್ಕಿಗೆ ಇಬ್ಬರು. ಸಾಲ, ಆಸ್ತಿ, ಹೊಸ ಪಾಲುದಾರರು ಅಂದರೆ ಮೂವರೂ (ಕಲಮು 13, 14, 15). ಮಿತಿ ಗೊತ್ತಿಲ್ಲದ ಹೊರಗಿನವರಿಗೆ ಮೂವರೂ ಪೂರ್ತಿ ಹೊಣೆ (ಸೆಕ್ಷನ್ 20, 25).

ಬಿಡುವುದು: ಡಿಸೆಂಬರ್ 31ರೊಳಗೆ ನೋಟಿಸ್, ಮಾರ್ಚ್ 31ಕ್ಕೆ ಹೊರಗೆ. ಪುಸ್ತಕದ ಬೆಲೆ, ಗುಡ್‌ವಿಲ್ ಇಲ್ಲ, ಎಂಟು ಕಂತು, ಕಂತಿನ ಬಡ್ಡಿ ಬರೆದಿಲ್ಲ (ಕಲಮು 20, 21). ತೀರಿಕೊಂಡರೆ ವಾರಸುದಾರರನ್ನು ಸೇರಿಸಿಕೊಳ್ಳಬಹುದು, ಕಡ್ಡಾಯ ಇಲ್ಲ (ಕಲಮು 22).

ಈ ಪುಟದ ಕೆಳಗೆ "ಇದು ಓದಿಕೊಳ್ಳುವುದಕ್ಕೆ ಮಾತ್ರ, ವ್ಯತ್ಯಾಸ ಬಂದರೆ ಮೂಲ ಪತ್ರವೇ ನಡೆಯುತ್ತದೆ" ಅಂತ ಒಂದು ಸಾಲು ಹಾಕಿ. ಇದಕ್ಕೆ ಯಾರ ಸಹಿಯನ್ನೂ ತೆಗೆದುಕೊಳ್ಳಬೇಡಿ. ಮೂವರೂ ಸಹಿ ಹಾಕಿದರೆ ಅದೇ ಇನ್ನೊಂದು ಒಪ್ಪಂದ ಅಂತ ನಾಳೆ ವಾದ ಬರಬಹುದು. ಸಹಿ ಬೇಕಾಗಿರುವುದು ನಷ್ಟದ ಪ್ರಮಾಣ, ಕಂತಿನ ಬಡ್ಡಿ, ಸರಕಿನ ಬೆಲೆ, ನಿಮ್ಮ ಸೇರ್ಪಡೆ ಈ ನಾಲ್ಕಕ್ಕೆ. ಅವನ್ನು ವಕೀಲರ ಹತ್ತಿರ ಬೇರೆ ತಿದ್ದುಪಡಿ ಪತ್ರವಾಗಿ ಬರೆಸಿ. ಹೋಗುವಾಗ 2021ರ ಮೂಲ ಪತ್ರವನ್ನೂ ತೆಗೆದುಕೊಂಡು ಹೋಗಿ. ನೀವು ಕಳಿಸಿದ ಪ್ರತಿಯ ಎರಡನೇ ಪುಟದಲ್ಲಿ, ಸಾಲದ ಪ್ಯಾರಾ ಇರುವ ಪುಟದಲ್ಲೇ, ಮೂರನೆಯವರ ಸಹಿ ನನಗೆ ಕಾಣಲಿಲ್ಲ. ಜೆರಾಕ್ಸ್‌ನಲ್ಲಿ ಮಾಸಿದೆಯೋ, ಮೂಲದಲ್ಲೇ ಹಾಕಿಲ್ಲವೋ, ಮೊದಲು ಅದನ್ನು ನೋಡಿ.